‘ಫ್ರೀ ಇದ್ದೀರಾ?’ ಎಂದು ಕೇಳಿದವನಿಗೆ

ಶಾರ್ಜಾದಲ್ಲಿರುವ ನನ್ನ ಮಾವನ ಮಗನಿಂದ ಒಂದು ಗುರುವಾರ ರಾತ್ರಿ 8.40ಕ್ಕೆ ವಾಟ್ಸಾಪ್ ಬಂತು. ‘ಫ್ರೀ ಇದ್ದೀರಾ?’ ಅಷ್ಟೇ. ಸಲಾಮಿಲ್ಲ, ವಿಷಯವಿಲ್ಲ. ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು. ಹಿಂದಿನ ವರ್ಷ ನನ್ನಿಂದ ತೆಗೆದುಕೊಂಡ ಐದು ಸಾವಿರ ಇನ್ನೂ ಬಾಕಿ ಇತ್ತು. ಪುನಃ ಹಣ ಕೇಳಲಿಕ್ಕೇ ಎಂದು ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ನೀಲಿ ಗೆರೆ ಬೀಳದ ಹಾಗೆ ಮೇಲಿನಿಂದಲೇ ಓದಿ, ಫೋನ್ ಮಗುಚಿ ಇಟ್ಟೆ.

ಶನಿವಾರ ಮಧ್ಯಾಹ್ನ ಮನಸ್ಸು ಚುಚ್ಚಿತು. ಆಗಲೂ ಬರೆದದ್ದು ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ. ‘ಏನಿಲ್ಲ ಕಾಕ, ಸುಮ್ಮನೆ’ ಎಂದು ಅವನು ಉತ್ತರ ಕೊಟ್ಟ.

ಸುಮ್ಮನೆ ಅಲ್ಲ ಎಂದು ಗೊತ್ತಾದದ್ದು ಮರುದಿನ ಉಮ್ಮನ ಬಾಯಿಂದ. ಕುಂಬಳೆಯ ಹತ್ತಿರ ಇರುವ ಅವನ ಮನೆಯ ಬಾವಿಯ ಪಂಪು ಗುರುವಾರ ಸಂಜೆ ನೀರು ಎತ್ತುವುದನ್ನು ನಿಲ್ಲಿಸಿತ್ತಂತೆ. ಮೋಟಾರು ತಿರುಗುತ್ತದೆ, ನಲ್ಲಿಯಲ್ಲಿ ನೀರಿಲ್ಲ. ಮನೆಯಲ್ಲಿ ಅವನ ಹೆಂಡತಿ, ಎರಡು ಸಣ್ಣ ಮಕ್ಕಳು, ಮಂಡಿನೋವಿನ ಮಾವಿ. ಡಿಪ್ಲೊಮಾ ಮಾಡಿದವನು ನಾನಿದ್ದೇನಲ್ಲ, ಕೇಳುವ ಎಂದು ಅವನು ಮೆಸೇಜ್ ಮಾಡಿದ್ದ. ಉತ್ತರ ಬಾರದಾಗ, ಸ್ವಲ್ಪ ಹೊತ್ತು ಓಡಿಸಿದರೆ ನೀರು ಬರಬಹುದೆಂದು ಹೆಂಡತಿಗೆ ಹೇಳಿದ. ನೀರಿಲ್ಲದೆ ಓಡಿದ ಪಂಪಿನ ಸೀಲು ಸುಟ್ಟಿತು, ಅಲ್ಲಿಂದ ನೀರು ಜಿನುಗಿ ಮೋಟಾರಿಗೂ ಇಳಿಯಿತು. ಎರಡು ದಿನ ಎಲ್ಲರೂ ಕೊಡಪಾನದಲ್ಲಿ ನೀರು ಸೇದಿದರು. ರಿಪೇರಿಗೆ ನಾಲ್ಕು ಸಾವಿರದ ಹತ್ತಿರ ಹೋಯಿತು.

ಇದು ನನಗೆ ದಿನಾ ಗೊತ್ತಿರುವ ಕೆಲಸ. ಬಾವಿಯೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವಿನಲ್ಲಿ ಒಂದು ಎಲೆಯೋ ಕಲ್ಲೋ ಸಿಕ್ಕಿದರೆ ಪೈಪಿನ ನೀರು ಕೆಳಗೆ ಜಾರಿಹೋಗುತ್ತದೆ, ಪಂಪು ಗಾಳಿಯನ್ನೇ ಎಳೆಯುತ್ತದೆ. ಪಂಪಿನ ಮೇಲಿನ ಬೋಲ್ಟು ಬಿಚ್ಚಿ ನೀರು ತುಂಬಿಸಿ ನೋಡಬೇಕು. ತುಂಬಿಸಿದ ನೀರು ಇಳಿಯುತ್ತಲೇ ಹೋದರೆ ಹೆಚ್ಚಾಗಿ ವಾಲ್ವಿನದೇ ತೊಂದರೆ. ‘ಮೊದಲು ಸ್ವಿಚ್ ಆಫ್ ಮಾಡಲಿಕ್ಕೆ ಹೇಳು’ ಎಂಬ ಒಂದೇ ಮಾತು ಗುರುವಾರ ರಾತ್ರಿಯೇ ಹೋಗಿದ್ದರೆ ಸೀಲೂ ಮೋಟಾರೂ ಉಳಿಯುತ್ತಿದ್ದವು.

‘ವಿಷಯ ಬರೆಯದೆ ಫ್ರೀ ಇದ್ದೀರಾ ಎಂದು ಕೇಳುವುದೇ ತಪ್ಪು’ ಎಂದು ಹಲವರು ಹೇಳುತ್ತಾರೆ. ತಪ್ಪು ಹೌದು. ವಿಷಯವನ್ನೂ ಜೊತೆಗೆ ಬರೆದಿದ್ದರೆ ನಾನು ಓಡಿಹೋಗುತ್ತಿದ್ದೆ. ಆದರೆ ಅವನು ಯಾಕೆ ಬರೆಯಲಿಲ್ಲ? ಹಳೆಯ ಬಾಕಿ ಇರುವಾಗ ಇನ್ನೊಂದು ಉಪಕಾರ ಕೇಳಲು ನಾಚಿಕೆ. ಸಲಾಮು ಹೇಳಿದ ಕೂಡಲೇ ಕೆಲಸ ಹೇಳುವುದು ಮರ್ಯಾದೆಯಲ್ಲ ಎಂದು ಮನೆಯಲ್ಲಿ ಕಲಿತ ಪಾಠ. ಇನ್ನೊಂದು ಕಾರಣವೂ ಇದೆ. ಯುಎಇಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ. ಬೋಟಿಮ್‌ನಂಥ ಬೇರೆ ಆ್ಯಪ್‌ನಲ್ಲಿ ಮಾತಾಡಬೇಕು, ಅದನ್ನು ನಾವು ತೆರೆದಿರಬೇಕು. ಆದ್ದರಿಂದ ಅಲ್ಲಿನವರು ಮೊದಲು ಬಾಗಿಲು ತಟ್ಟಿ ನೋಡುತ್ತಾರೆ. ತಟ್ಟಿದವನ ರೀತಿಯನ್ನು ಆಮೇಲೆ ತಿದ್ದಬಹುದು, ಮೊದಲು ಬಾಗಿಲು ತೆರೆಯಬೇಕಾದವನು ಒಳಗಿರುವವನು. ಇದೇ ನನ್ನ ಅಭಿಪ್ರಾಯ.

ನಮ್ಮ ಅಂಗಡಿಯಲ್ಲಿ ಉಪ್ಪ ಇದನ್ನು ದಿನಾ ಮಾಡುತ್ತಿದ್ದರು. ಕಡ ಕೇಳುವವರು ಯಾರೂ ನೇರ ಕೇಳುವುದಿಲ್ಲ. ಜನ ಕಡಿಮೆಯಾಗುವವರೆಗೆ ಹೊರಗೆ ನಿಂತು, ‘ಸಾಹುಕಾರ್ರೇ, ಪುರುಸೊತ್ತು ಉಂಟಾ?’ ಎನ್ನುತ್ತಾರೆ. ಉಪ್ಪ ‘ಉಂಟು, ಬನ್ನಿ, ಎಂತ ಆಗಬೇಕು?’ ಎನ್ನುತ್ತಿದ್ದರು. ಕಡ ಕೊಡುವುದು ಬಿಡುವುದು ಆಮೇಲಿನ ಮಾತು. ಕೊಡಲಾಗದ ದಿನ ‘ಇವತ್ತು ಆಗುವುದಿಲ್ಲ’ ಎಂದೂ ಹೇಳುತ್ತಿದ್ದರು. ಆದರೆ ಬಂದವನು ಹೊರಗೆ ನಿಂತೇ ವಾಪಸು ಹೋದದ್ದನ್ನು ನಾನು ನೋಡಿಲ್ಲ.

ಈಗ ನಾನು ಬರೆಯುವ ಉತ್ತರ ಹೀಗಿರುತ್ತದೆ: ‘ಅಸ್ಸಲಾಮು ಅಲೈಕುಂ. ಈಗ ಕೆಲಸದಲ್ಲಿದ್ದೇನೆ, ಊರಿನ ಟೈಮ್ 9ಕ್ಕೆ ಫ್ರೀ, ನಾನೇ ಬೋಟಿಮ್‌ಗೆ ಕರೆಯುತ್ತೇನೆ. ವಿಷಯ ಇಲ್ಲಿ ಬರೆದರೂ ಆಯಿತು. ಅರ್ಜೆಂಟಾದರೆ ಈಗಲೇ ಹೇಳು.’

ಇದರಲ್ಲಿ ಮುಖ್ಯವಾದದ್ದು ಗಂಟೆ. ‘ಆಮೇಲೆ ಮಾತಾಡುವ’ ಎಂದರೆ ಕೇಳಿದವನು ಇಡೀ ರಾತ್ರಿ ಫೋನ್ ನೋಡುತ್ತಾ ಕೂರುತ್ತಾನೆ. ಗಂಟೆ ಹೇಳಿದರೆ ಅವನು ಅಷ್ಟರವರೆಗೆ ತನ್ನ ಕೆಲಸ ನೋಡಿಕೊಳ್ಳುತ್ತಾನೆ. ಯಾವ ಊರಿನ ಗಂಟೆ ಎಂದೂ ಹೇಳಬೇಕು. ನಮಗೆ 9 ಆದಾಗ ದುಬೈ, ಶಾರ್ಜಾದಲ್ಲಿ 7.30, ಸೌದಿಯಲ್ಲಿ 6.30. ಕಡೆಯ ಎರಡು ವಾಕ್ಯಗಳು ನಾಚಿಕೆಯವನಿಗೂ ಅವಸರದವನಿಗೂ ದಾರಿ ಕೊಡುತ್ತವೆ. ಬಾಯಲ್ಲಿ ಹೇಳಲಾಗದ್ದನ್ನು ಬರೆಯಬಹುದು, ಬೆಂಕಿ ಬಿದ್ದಿದ್ದರೆ ಕಾಯಬೇಕಾಗಿಲ್ಲ.

‘ಯಾಕೆ?’, ‘ಎಂತ ವಿಷಯ?’ ಎಂದು ಮಾತ್ರ ಬರೆದರೆ ಲೆಕ್ಕ ಕೇಳಿದ ಹಾಗಾಗುತ್ತದೆ. ಬರೀ ಹೆಬ್ಬೆರಳಿನ ಚಿತ್ರ ಕಳಿಸಿದರೆ, ಹೌದೋ ಸಾಕೋ ಎಂದು ಗೊತ್ತಾಗುವುದಿಲ್ಲ. ಹಿರಿಯರಿಗೆ ‘ಹೇಳು’ ಅಲ್ಲ, ‘ಹೇಳಿ’. ಅತಿಯಾಗಿಯೂ ಬರೆಯಬಾರದು. ‘ಏನಿದ್ದರೂ ಮಾಡಿಕೊಡುತ್ತೇನೆ’ ಎಂದು ಮೊದಲೇ ಬರೆದು, ವಿಷಯ ಕೇಳಿದ ಮೇಲೆ ಹಿಂದೆ ಸರಿಯುವುದು ಉತ್ತರ ಕೊಡದಿರುವುದಕ್ಕಿಂತ ಕೆಟ್ಟದ್ದು. ಫ್ರೀ ಇದ್ದೇನೆ ಎಂದರೆ ಕಿವಿ ಕೊಡುತ್ತೇನೆ ಎಂದು ಮಾತ್ರ ಅರ್ಥ, ಹಣ ಕೊಡುತ್ತೇನೆ ಎಂದಲ್ಲ. ಇದು ತಿಳಿದ ಮೇಲೆ ನನಗೆ ಮೆಸೇಜ್ ತೆರೆಯಲು ಹೆದರಿಕೆ ಹೋಗಿದೆ.

ಒಂದು ಎಚ್ಚರಿಕೆ. ಬೇರೆಯವರ ವಾಟ್ಸಾಪ್ ಖಾತೆ ಕದ್ದು, ಅದರಿಂದ ಇದೇ ರೀತಿ ‘ಫ್ರೀ ಇದ್ದೀರಾ’ ಎಂದು ಶುರು ಮಾಡುವ ಮೋಸಗಾರರಿದ್ದಾರೆ. ಎರಡು ಮಾತಿನ ನಂತರ ‘ಒಂದು ಆರಂಕಿಯ ಕೋಡ್ ಬರುತ್ತದೆ, ಕಳಿಸಿ’ ಅಥವಾ ‘ಅರ್ಜೆಂಟ್ ಹಣ ಹಾಕಿ, ಕರೆ ಮಾಡಬೇಡಿ’ ಎನ್ನುತ್ತಾರೆ. ಇಲ್ಲಿಯೂ ಅದೇ ಉತ್ತರ ಕಾಪಾಡುತ್ತದೆ, ಯಾಕೆಂದರೆ ಅದರಲ್ಲಿ ‘ನಾನೇ ಕರೆಯುತ್ತೇನೆ’ ಎಂದಿದೆ. ನಮ್ಮವನಾದರೆ ಅವನ ಸ್ವರ ಕೇಳುತ್ತದೆ. ಮೋಸಗಾರ ಕರೆಯಿಂದ ತಪ್ಪಿಸಿಕೊಳ್ಳುತ್ತಾನೆ. ಕೋಡ್ ಯಾರಿಗೂ ಕೊಡಬೇಡಿ, ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಡುರಾತ್ರಿ, ಹೆಚ್ಚು ಮಾತಾಡದವನಿಂದ ಈ ಪ್ರಶ್ನೆ ಬಂದರೆ ನಾನು ಬರೆಯುವುದಿಲ್ಲ, ನೇರವಾಗಿ ಕರೆಯುತ್ತೇನೆ. ಆ ಹೊತ್ತಿನಲ್ಲಿ ಯಾರೂ ಪಂಪಿನ ವಿಷಯ ಕೇಳುವುದಿಲ್ಲ.

ಸಲಾಮಿಗೆ ಸಲಾಮು ಮರಳಿಸುವುದು ಕಡ್ಡಾಯ ಎಂದು ಮದ್ರಸದಲ್ಲಿ ನಾವೆಲ್ಲ ಕಲಿತಿದ್ದೇವೆ. ‘ಫ್ರೀ ಇದ್ದೀರಾ’ ಎಂಬುದು ಸಲಾಮು ಮರೆತ ಸಲಾಮು ಎಂದು ನಾನೀಗ ತಿಳಿದುಕೊಂಡಿದ್ದೇನೆ. ಮಾವನ ಮಗನಿಗೆ ಆ ಭಾನುವಾರವೇ ಕರೆ ಮಾಡಿ ಮಾಫ್ ಕೇಳಿದೆ. ಅವನು ನಕ್ಕು, ‘ಬಾಕಿ ಇತ್ತಲ್ಲ ಕಾಕ, ಅದಕ್ಕೇ ವಿಷಯ ಬರೆಯಲಿಕ್ಕೆ ಕೈ ಬರಲಿಲ್ಲ’ ಎಂದ. ಆ ಬಾಕಿ ಈಗಲೂ ಹಾಗೆಯೇ ಇದೆ. ಮೊನ್ನೆ ಅವನ ಮೆಸೇಜ್ ಪುನಃ ಬಂತು, ಅದೇ ಎರಡು ಪದ. ‘9ಕ್ಕೆ ಕರೆಯುತ್ತೇನೆ’ ಎಂದು ಬರೆದೆ. ಮಗಳ ಶಾಲೆಯ ಫಾರಂ ತುಂಬಿಸುವ ವಿಷಯ. ಹತ್ತು ನಿಮಿಷದಲ್ಲಿ ಮುಗಿಯಿತು.