ಮೆಟ್ಟುಗತ್ತಿಯೋ, ಯಂತ್ರವೋ: ಲೆಕ್ಕ ಎಲ್ಲಿ ತಿರುಗುತ್ತದೆ?

ಕೊನೆ ಕೊಯ್ಲಿನ ಕಾಲ ಹತ್ತಿರ ಬಂದರೆ ಚನ್ನಗಿರಿಯಿಂದ ಶಿರಸಿಯವರೆಗೆ ಅಡಿಕೆ ಬೆಳೆಗಾರರ ನಡುವೆ ಒಂದು ಚರ್ಚೆ ತಪ್ಪದೆ ಏಳುತ್ತದೆ. ಈ ಸಲವೂ ಸುಲಿಯುವವರನ್ನು ಕರೆಸಿ ಮೆಟ್ಟುಗತ್ತಿಯಲ್ಲಿ ಸುಲಿಸುವುದೋ, ಸ್ವಂತಕ್ಕೊಂದು ಯಂತ್ರ ತಂದುಬಿಡುವುದೋ? ಯಂತ್ರ ತಂದವರು ‘ಕೂಲಿ ಉಳಿಯಿತು’ ಎನ್ನುತ್ತಾರೆ, ತರದವರು ‘ಅಷ್ಟು ದುಡ್ಡು ಯಾರು ಹಾಕುತ್ತಾರೆ’ ಎನ್ನುತ್ತಾರೆ. ಇಬ್ಬರ ಮಾತೂ ಸರಿ. ಆದರೆ ಒಬ್ಬರು ನೋಡುತ್ತಿರುವುದು ಪ್ರತಿ ಕ್ವಿಂಟಾಲಿಗೆ ತಗಲುವ ಖರ್ಚನ್ನು, ಇನ್ನೊಬ್ಬರು ನೋಡುತ್ತಿರುವುದು ಒಂದೇ ಸಲ ಬೀಳುವ ಖರ್ಚನ್ನು. ಎಷ್ಟು ಕ್ವಿಂಟಾಲ್ ಎಂಬುದನ್ನು ಹೇಳದೆ ಈ ಎರಡನ್ನೂ ಹೋಲಿಸಲು ಬರುವುದಿಲ್ಲ.

ಅಡಿಕೆ ಸುಲಿದರೂ ಸುಲಿಯದಿದ್ದರೂ ಆ ವರ್ಷಕ್ಕೆ ಬಿದ್ದೇ ತೀರುವುದು ಸ್ಥಿರ ವೆಚ್ಚ. ಪ್ರತಿ ಕ್ವಿಂಟಾಲಿನ ಜೊತೆಗೂ ಏರುತ್ತ ಹೋಗುವುದು ಚರ ವೆಚ್ಚ. ಕೈಸುಲಿಗೆಯಲ್ಲಿ ಮೊದಲನೆಯದು ತೀರಾ ಕಡಿಮೆ, ಎರಡನೆಯದು ಹೆಚ್ಚು. ಯಂತ್ರದಲ್ಲಿ ಇದು ತಿರುಗುಮುರುಗು. ಹಾಗಾಗಿ ಸ್ವಲ್ಪ ಅಡಿಕೆ ಇದ್ದವರಿಗೆ ಕೈಸುಲಿಗೆ ಅಗ್ಗ, ಬಹಳ ಇದ್ದವರಿಗೆ ಯಂತ್ರ ಅಗ್ಗ. ನಡುವೆ ಎಲ್ಲೋ ಒಂದು ಪ್ರಮಾಣದಲ್ಲಿ ಎರಡರ ಒಟ್ಟು ಖರ್ಚೂ ಒಂದೇ ಆಗುತ್ತದೆ. ಅದೇ ಸಮವೆಚ್ಚದ ಬಿಂದು. ಅಡಿಕೆಯ ಮಾರುಕಟ್ಟೆ ದರ ಎಷ್ಟಿದ್ದರೆ ಬೆಳೆಗಾರನ ಅಸಲು ಹುಟ್ಟುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಇಲ್ಲಿ ಸುಲಿಯುವುದಂತೂ ಖಚಿತ, ಯಾವ ದಾರಿಯಲ್ಲಿ ಸುಲಿದರೆ ಕಡಿಮೆ ಬೀಳುತ್ತದೆ ಎಂಬುದಷ್ಟೇ ಪ್ರಶ್ನೆ.

ಒಂದು ಲೆಕ್ಕ ಮಾಡಿ ನೋಡೋಣ. ಇಲ್ಲಿನ ದರಗಳೆಲ್ಲ ಲೆಕ್ಕಕ್ಕಾಗಿ ಹಿಡಿದವು. ಕೂಲಿಯೂ ಯಂತ್ರದ ಬೆಲೆಯೂ ಊರಿಂದೂರಿಗೆ ಬೇರೆಯಾಗುವುದರಿಂದ ಓದುವವರು ತಮ್ಮ ಅಂಕಿ ಹಾಕಿಕೊಳ್ಳಬೇಕು. ಕೆಂಪಡಿಕೆ ಮಾಡುವ ತೋಟ ಎಂದಿಟ್ಟುಕೊಳ್ಳಿ. ಲೆಕ್ಕದ ಅಳತೆ ಸಿಪ್ಪೆ ಸಮೇತ ಒಂದು ಕ್ವಿಂಟಾಲ್ ಹಸಿ ಅಡಿಕೆ. ಅದು ಸುಲಿದು, ಬೇಯಿಸಿ, ಒಣಗಿಸಿದಾಗ ಸುಮಾರು 13 ಕೆ.ಜಿ.ಗೆ ಇಳಿಯುತ್ತದೆ.

ಮೊದಲು ಯಂತ್ರದ ಸ್ಥಿರ ವೆಚ್ಚ. ಯಂತ್ರಕ್ಕೆ 2 ಲಕ್ಷ ರೂಪಾಯಿ, 8 ವರ್ಷ ಬಾಳಿಕೆ, ಕೊನೆಗೆ ಮಾರಿದರೆ 40 ಸಾವಿರ ಬರುತ್ತದೆ ಎನ್ನೋಣ. ಹಾಗಿದ್ದರೆ ಸವಕಳಿ ವರ್ಷಕ್ಕೆ 20,000. ಹಾಕಿದ ಹಣಕ್ಕೆ ಬಡ್ಡಿಯನ್ನೂ ಹಿಡಿಯಬೇಕು. ಮೊದಲ ದಿನ ಯಂತ್ರದಲ್ಲಿರುವುದು 2 ಲಕ್ಷ, ಕೊನೆಯ ದಿನ 40 ಸಾವಿರ, ಸರಾಸರಿ 1 ಲಕ್ಷ 20 ಸಾವಿರ. ಅದಕ್ಕೆ ಶೇ 10ರಂತೆ 12,000. ಸಾಲ ಮಾಡದೆ ಕೈಯಿಂದ ಹಾಕಿದ್ದರೂ ಈ ಬಡ್ಡಿ ಬಿಡುವಂತಿಲ್ಲ, ಏಕೆಂದರೆ ಅದೇ ಹಣ ಠೇವಣಿಯಲ್ಲೋ ತೋಟದ ಗೊಬ್ಬರದಲ್ಲೋ ದುಡಿಯುತ್ತಿತ್ತು. ಯಂತ್ರ ನಿಲ್ಲಿಸುವ ಜಾಗ, ಹಂಗಾಮಿಗೆ ಮುಂಚಿನ ಸರ್ವಿಸ್, ವಿದ್ಯುತ್ತಿನ ನಿಗದಿತ ಶುಲ್ಕ ಸೇರಿ 8,000. ಒಟ್ಟು ವರ್ಷಕ್ಕೆ 40,000 ರೂಪಾಯಿ. ಕೈಸುಲಿಗೆಯಲ್ಲಿ ಮೆಟ್ಟುಗತ್ತಿ, ರಾತ್ರಿ ಕೆಲಸಕ್ಕೆ ಅಂಗಳದಲ್ಲಿ ದೀಪ, ಮೇಲೊಂದು ಚಪ್ಪರ ಇಷ್ಟಕ್ಕೆ 4,000 ಸಾಕು. ವ್ಯತ್ಯಾಸ 36,000.

ಇನ್ನು ಚರ ವೆಚ್ಚ. ಕೈಸುಲಿಗೆಗೆ ಕೂಲಿ, ಕಾಫಿ-ತಿಂಡಿ ಎಲ್ಲ ಸೇರಿ ಕ್ವಿಂಟಾಲಿಗೆ 600. ಯಂತ್ರಕ್ಕೆ ಅಡಿಕೆ ಸುರಿಯುವವರ, ಆರಿಸುವವರ ಕೂಲಿ 170, ಕರೆಂಟು, ಬೆಲ್ಟು, ಬ್ಲೇಡು 30, ಒಟ್ಟು 200. ಯಂತ್ರ ಮಾರುವವರ ಲೆಕ್ಕ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಕ್ವಿಂಟಾಲಿಗೆ 400 ಉಳಿಯಿತಲ್ಲ ಎನ್ನುತ್ತಾರೆ. ಬಡ್ಡಿಯ ಮಾತನ್ನೂ ಎತ್ತುವುದಿಲ್ಲ. ಬಡ್ಡಿ ಬಿಟ್ಟರೆ ಸ್ಥಿರ ವೆಚ್ಚದ ವ್ಯತ್ಯಾಸ 24,000ಕ್ಕೆ ಇಳಿಯುತ್ತದೆ. 24,000 ÷ 400 = 60 ಕ್ವಿಂಟಾಲ್. ಎಕರೆಗೆ 8 ಕ್ವಿಂಟಾಲ್ ಒಣ ಅಡಿಕೆ ಬರುವ ತೋಟದಲ್ಲಿ ಇದು ಒಂದೇ ಎಕರೆಯ ಹಸಿ ಅಡಿಕೆ. ಅಂದರೆ ಒಂದು ಎಕರೆಯವರೂ ಯಂತ್ರ ಕೊಳ್ಳಬಹುದು ಎಂದಾಯಿತು!

ಯಂತ್ರದ ಪಕ್ಕ ಅರ್ಧ ದಿನ ನಿಂತು ನೋಡಿದವರಿಗೆ ಉಳಿದ ಖರ್ಚು ಕಾಣುತ್ತದೆ. ಕಾಯಿಗಳೆಲ್ಲ ಒಂದೇ ಗಾತ್ರದವಲ್ಲ. ತೀರಾ ಸಣ್ಣವು ಸಿಪ್ಪೆ ಸಮೇತ ಹೊರಗೆ ಬೀಳುತ್ತವೆ, ದಪ್ಪನೆಯವುಗಳಲ್ಲಿ ಕೆಲವು ಬ್ಲೇಡಿಗೆ ಸಿಕ್ಕಿ ಗಾಯವಾಗುತ್ತವೆ, ಒಡೆಯುತ್ತವೆ. ನೂರಕ್ಕೆ ಹತ್ತರಷ್ಟು ಅಡಿಕೆಯನ್ನು ಮತ್ತೆ ಕೈಯಲ್ಲಿ ಸುಲಿಸಬೇಕಾದರೆ ಅದರ ಕೂಲಿ ಕ್ವಿಂಟಾಲಿಗೆ 60. ಒಣಗಿದ 13 ಕೆ.ಜಿ.ಯಲ್ಲಿ ಕೈಸುಲಿಗೆಗಿಂತ ಅರ್ಧ ಕೆ.ಜಿ. ಹೆಚ್ಚು ಒಡಕಾಗಿ, ಅದು ಕೆ.ಜಿ.ಗೆ 200 ರೂಪಾಯಿ ಕಡಿಮೆಗೆ ಹೋದರೆ ಇನ್ನೊಂದು 100. ಈ ನೂರು ರೂಪಾಯಿಗೆ ಯಾರೂ ರಸೀದಿ ಕೊಡುವುದಿಲ್ಲ. ಮಂಡಿಯಲ್ಲಿ ದರ ಹಚ್ಚುವಾಗ ಅದು ಸದ್ದಿಲ್ಲದೆ ಕಡಿತವಾಗಿರುತ್ತದೆ, ಅದಕ್ಕೇ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಎಲ್ಲ ಕೂಡಿಸಿದರೆ ಯಂತ್ರದ ನಿಜವಾದ ಚರ ವೆಚ್ಚ 360, ಉಳಿತಾಯ 400 ಅಲ್ಲ, 240.

ಈಗ 36,000 ÷ 240 = 150 ಕ್ವಿಂಟಾಲ್. ಪರೀಕ್ಷಿಸಿ ನೋಡಿ: ಕೈಸುಲಿಗೆಗೆ 4,000 ಜೊತೆ 150ರ 600, ಅಂದರೆ 94,000. ಯಂತ್ರಕ್ಕೆ 40,000 ಜೊತೆ 150ರ 360, ಅದೂ 94,000. ಒಂದು ಎಕರೆ ಸಾಕೆಂದಿದ್ದ ಲೆಕ್ಕ ಎರಡೂವರೆ ಎಕರೆಗೆ ಬಂತು.

ಒಡಕಿನ ಬಾಬ್ತು ಎಲ್ಲ ಬಗೆಯ ಅಡಿಕೆಗೂ ಒಂದೇ ಅಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಸರಕು ರಾಶಿಗಿಂತ ಬಹಳ ಮೇಲಿನ ದರದ ಮಾಲು. ಅದರಲ್ಲಿ ಅರ್ಧ ಕೆ.ಜಿ. ಕೆಟ್ಟರೆ ನಷ್ಟ 100 ರೂಪಾಯಿಗೆ ನಿಲ್ಲುವುದಿಲ್ಲ. ಆ ನಷ್ಟ 340ಕ್ಕೆ ಮುಟ್ಟಿದರೆ ಯಂತ್ರದ ಚರ ವೆಚ್ಚವೂ 600 ಆಗಿಬಿಡುತ್ತದೆ. ಆಗ ಸಮವೆಚ್ಚದ ಬಿಂದು ಎಂಬುದೇ ಇರುವುದಿಲ್ಲ, ಸಾವಿರ ಕ್ವಿಂಟಾಲ್ ಸುಲಿದರೂ ಯಂತ್ರ ಅಗ್ಗವಾಗುವುದಿಲ್ಲ. ಒಂದೇ ತೋಟದಲ್ಲಿ ಸರಕನ್ನು ಕೈಯಲ್ಲಿ, ರಾಶಿಯನ್ನು ಯಂತ್ರದಲ್ಲಿ ಸುಲಿಸುವುದು ಹಳೆಯ ರೂಢಿಗೆ ಜೋತುಬಿದ್ದದ್ದೆಂದು ಹೊರಗಿನವರಿಗೆ ಕಂಡೀತು. ಆದರೆ ಲೆಕ್ಕವೂ ಹಾಗೆಯೇ ಸುಲಿಸಲು ಹೇಳುತ್ತದೆ.

‘ಆಳು ಸಿಕ್ಕರೆ ತಾನೆ ಈ ಲೆಕ್ಕ?’ ಎಂದು ಮಲೆನಾಡಿನ ಓದುಗರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಸಿ ಅಡಿಕೆ ಕೊಯ್ದ ಮೇಲೆ ಕಾಯುವುದಿಲ್ಲ, ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಡುತ್ತದೆ. ಹೀಗಿರುವಾಗ ಲೆಕ್ಕಕ್ಕೆ ಹಿಡಿಯಬೇಕಾದದ್ದು ಹೋದ ವರ್ಷದ ಕೂಲಿಯಲ್ಲ, ಕೊಯ್ಲಿನ ಬಿರುಸಿನಲ್ಲಿ ಜನ ನಿಜವಾಗಿ ಬರುವ ಕೂಲಿ. ಅದು 760 ಆದರೆ ಮರುಸುಲಿಗೆಯ ಕೂಲಿಯೂ 76ಕ್ಕೆ ಏರಿ, ಬಿಂದು 150ರಿಂದ ಸುಮಾರು 94ಕ್ಕೆ ಇಳಿಯುತ್ತದೆ. ಎಷ್ಟು ಕೊಟ್ಟರೂ ಜನ ಇಲ್ಲವೆಂದಾದರೆ ಹೋಲಿಸಲು ಎರಡನೆಯ ದಾರಿಯೇ ಇಲ್ಲ.

ಹಾಗೆಂದು ಕೂಡಲೇ ಯಂತ್ರದ ಅಂಗಡಿಗೆ ಹೋಗಬೇಕಿಲ್ಲ. ಅಂಗಳಕ್ಕೇ ಬಂದು ಸುಲಿದುಕೊಟ್ಟು ಹೋಗುವ ಬಾಡಿಗೆ ಯಂತ್ರಗಳಿವೆ. ಈ ಮೂರನೆಯ ದಾರಿ ಲೆಕ್ಕವನ್ನು ಪೂರ್ತಿ ಬದಲಿಸುತ್ತದೆ. ಬಾಡಿಗೆ ಕ್ವಿಂಟಾಲಿಗೆ 360 ಎನ್ನೋಣ. ಮರುಸುಲಿಗೆ, ಒಡಕಿನ 160 ಇಲ್ಲೂ ತಪ್ಪಿದ್ದಲ್ಲ, ಹಾಗಾಗಿ ಚರ ವೆಚ್ಚ 520. ಸ್ಥಿರ ವೆಚ್ಚ ಕೈಸುಲಿಗೆಯಷ್ಟೇ, 4,000. ಅಂದರೆ ಮೊದಲ ಕ್ವಿಂಟಾಲಿನಿಂದಲೇ ಬಾಡಿಗೆ ಯಂತ್ರ ಕೈಸುಲಿಗೆಗಿಂತ 80 ರೂಪಾಯಿ ಅಗ್ಗ. ಹೀಗಾದ ಮೇಲೆ ಸ್ವಂತ ಯಂತ್ರವನ್ನು ಕೈಸುಲಿಗೆಯ ಜೊತೆ ಹೋಲಿಸಿ ಪ್ರಯೋಜನವಿಲ್ಲ, ಬಾಡಿಗೆಯ ಜೊತೆ ಹೋಲಿಸಬೇಕು. 36,000ವನ್ನು 520 ಮತ್ತು 360ರ ವ್ಯತ್ಯಾಸವಾದ 160ರಿಂದ ಭಾಗಿಸಿದರೆ 225 ಕ್ವಿಂಟಾಲ್. ಗಡಿ ಎರಡೂವರೆ ಎಕರೆಯಿಂದ ಮೂರೂಮುಕ್ಕಾಲು ಎಕರೆಯ ಹತ್ತಿರಕ್ಕೆ ಸರಿಯಿತು. 150ರ ಲೆಕ್ಕ ತಪ್ಪಾಗಿರಲಿಲ್ಲ, ಸೋಲಿಸಬೇಕಾದ ಎದುರಾಳಿ ಬೇರೆಯಾದ, ಅಷ್ಟೆ. ಪಕ್ಕದ ಮನೆಯವರು ಕೂಲಿ ಉಳಿಸಿದ್ದನ್ನು ನೋಡಿ ಯಂತ್ರ ತರುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಇಷ್ಟು ಹೊತ್ತು ಫಸಲು ಎಷ್ಟೆಂದು ಗೊತ್ತಿರುವವರಂತೆ ಮಾತಾಡಿದೆವು. ತೋಟದಲ್ಲಿ ಅದು ಗೊತ್ತಿರುವುದಿಲ್ಲ. ಮಳೆ ಬಿಡದೆ ಹಿಡಿದರೆ ಕೊಳೆರೋಗ, ಈಚೆಗೆ ಎಲೆಚುಕ್ಕೆ ರೋಗ ಬೇರೆ. 300 ಕ್ವಿಂಟಾಲ್ ನಿರೀಕ್ಷಿಸಿ ಯಂತ್ರ ತಂದವರನ್ನು ನೋಡೋಣ. ನಿರೀಕ್ಷೆಯಂತೆ ಬಂದರೆ ಸ್ವಂತ ಯಂತ್ರದ ಖರ್ಚು 1,48,000, ಬಾಡಿಗೆಯದಾದರೆ 1,60,000. ಉಳಿತಾಯ 12,000. ಕೊಳೆ ತಗುಲಿ 120 ಕ್ವಿಂಟಾಲೇ ಕೈಗೆ ಬಂದರೆ ಸ್ವಂತದ್ದಕ್ಕೆ 83,200, ಬಾಡಿಗೆಗೆ 66,400. ಹೆಚ್ಚುವರಿ ಹೊರೆ 16,800. ಒಂದು ಕೆಟ್ಟ ವರ್ಷ ಒಂದು ಒಳ್ಳೆಯ ವರ್ಷದ ಉಳಿತಾಯವನ್ನು ನುಂಗಿ ಮತ್ತೂ 4,800 ಕೇಳುತ್ತದೆ. ಅದೂ ತೋಟದ ಆದಾಯವೇ ಕುಸಿದಿರುವ ವರ್ಷದಲ್ಲಿ. ಬಾಡಿಗೆ ಖರ್ಚು ಫಸಲಿನ ಜೊತೆಗೇ ಇಳಿಯುತ್ತದೆ, ಸ್ಥಿರ ವೆಚ್ಚ ಇಳಿಯುವುದಿಲ್ಲ.

ಊರಿನ ನಾಲ್ಕಾರು ಮನೆಗಳ ಅಡಿಕೆ ಸುಲಿದುಕೊಟ್ಟರೆ, ಇಲ್ಲವೇ ಚೇಣಿ ಹಿಡಿದು ಬೇರೆ ತೋಟಗಳ ಫಸಲನ್ನೂ ತಂದರೆ ಪ್ರಮಾಣ ಬೆಳೆಯುತ್ತದೆ. ಚೇಣಿದಾರರ ಅಂಗಳದಲ್ಲಿ ಯಂತ್ರ ಹೊಂದುವುದು ಅದಕ್ಕೇ. ಸಹಾಯಧನ ಸಿಕ್ಕರೆ ಸ್ಥಿರ ವೆಚ್ಚ ತಗ್ಗಿ ಬಿಂದು ಕೆಳಗಿಳಿಯುತ್ತದೆ, ಆದರೆ ಒಡಕಿನ ನೂರು ರೂಪಾಯಿಗೆ ಯಾವ ಸಹಾಯಧನವೂ ಇಲ್ಲ. ಇನ್ನು ಯಂತ್ರ ಈಗಾಗಲೇ ಮನೆಯಲ್ಲಿದ್ದು ಅದನ್ನು ಮಾರುವ ಯೋಚನೆಯೂ ಇಲ್ಲದವರು ಬಿಂದುವಿನ ಚಿಂತೆ ಬಿಡಬಹುದು. ಹಾಕಿದ ಹಣ ಹೋಗಿಯಾಗಿದೆ. ಅವರು ಹೋಲಿಸಬೇಕಾದದ್ದು 360 ಮತ್ತು 520 ಮಾತ್ರ, ಎಷ್ಟು ಕಡಿಮೆ ಫಸಲು ಬಂದರೂ ಸ್ವಂತ ಯಂತ್ರವನ್ನೇ ಓಡಿಸುವುದು ಸರಿ.

ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ನಿಮ್ಮ ಅಡಿಕೆಯನ್ನೇ ಒಂದು ಕ್ವಿಂಟಾಲ್ ಒಯ್ದು ಆ ಯಂತ್ರದಲ್ಲಿ ಸುಲಿಸಿ, ಉಳಿದ ಸಿಪ್ಪೆಕಾಯಿ ಮತ್ತು ಒಡಕನ್ನು ತೂಗಿ, ಚರ ವೆಚ್ಚವನ್ನು ನೀವೇ ಬರೆದುಕೊಳ್ಳಿ. ಬಿಂದುವನ್ನು ಬಾಡಿಗೆ ದರದೆದುರು ತೆಗೆಯಿರಿ. ಕಳೆದ ಐದು ವರ್ಷಗಳಲ್ಲಿ ಅತಿ ಕಡಿಮೆ ಬಂದ ಎರಡು ಫಸಲುಗಳೂ ಆ ಬಿಂದುವಿಗಿಂತ ಮೇಲಿದ್ದರೆ ಯಂತ್ರ ತನ್ನಿ, ಇಲ್ಲದಿದ್ದರೆ ಬಾಡಿಗೆಯವರಿಗೆ ಫೋನು ಮಾಡಿ.