ಹೊಳೆ ಶರಾವತಿ, ದೋಣಿ ಸೀ ಕ್ವೀನ್!

ಹೊಳೆ ನಮ್ಮದು. ದೋಣಿ ನಮ್ಮದು. ಚುಕ್ಕಾಣಿ ಹಿಡಿದ ಕೈ ನಮ್ಮದು. ಹೆಸರು ಮಾತ್ರ ಯಾರಪ್ಪನದು ಸ್ವಾಮಿ?

ಹೊನ್ನಾವರದ ಬಳಿ ಶರಾವತಿ ಸಮುದ್ರ ಸೇರುವ ಕಡೆ ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಗಳು ಈಗ ಸಾಲುಗಟ್ಟಿ ನಿಂತಿವೆ. ಅಲ್ಲಿ ಐದು ದೋಣಿ ಇಟ್ಟಿರುವ ಒಬ್ಬರು ನನ್ನ ಮುದ್ರಣಾಲಯಕ್ಕೆ ಟಿಕೆಟ್ ಪುಸ್ತಕ ಮಾಡಿಸಲು ಬಂದಿದ್ದರು. ದೋಣಿಗಳ ಹೆಸರು ಬರೆದ ಚೀಟಿ ಕೊಟ್ಟರು. ಸೀ ಕ್ವೀನ್, ಸೀ ಕಿಂಗ್, ಸೀ ವಿಂಗ್, ಬ್ಲೂ ಸ್ಟಾರ್, ಬ್ಲೂ ಸ್ಟೋನ್! "ಎಲ್ಲವೂ ಒಂದೇ ಮಾದರಿ ಇರಲಿ ಅಂತ ಯೋಚನೆ ಮಾಡಿ ಇಟ್ಟದ್ದು ಅಣ್ಣಾ" ಎಂದು ಹೆಮ್ಮೆ ಬೇರೆ.

ನಾನು ಪಿಯುಸಿ ಓದಿದವನು. ಇಂಗ್ಲಿಷ್ ಪಂಡಿತನಲ್ಲ. ಆದರೆ ಅಕ್ಷರ ಜೋಡಿಸಿ ಅನ್ನ ತಿನ್ನುವವನಿಗೆ ಯಾವ ಹೆಸರು ಯಾವುದರ ಜೊತೆ ಗುದ್ದಾಡುತ್ತದೆ ಎಂಬುದು ಗೊತ್ತಾಗುತ್ತದೆ. ಹೇಳಿದೆ, ಕೇಳಲಿಲ್ಲ. ಮುದ್ರಿಸಿ ಕೊಟ್ಟೆ. ಎರಡು ತಿಂಗಳಲ್ಲಿ ಅವರೇ ಮತ್ತೆ ಬಂದರು. ದಾವಣಗೆರೆಯ ಒಂದು ದೊಡ್ಡ ಕುಟುಂಬ ಫೋನಿನಲ್ಲಿ ಸೀ ವಿಂಗ್ ಗೊತ್ತುಮಾಡಿತ್ತು. ದಕ್ಕೆಯ ಹುಡುಗ ಕೇಳಿಸಿಕೊಂಡದ್ದು ಸೀ ಕಿಂಗ್. ಎಂಜಿನ್ ಸದ್ದು, ಗಾಳಿ, ಜನರ ಗಲಾಟೆ. ಕಿಂಗೋ ವಿಂಗೋ ಯಾರಿಗೆ ಗೊತ್ತು? ಅವರು ಹತ್ತಿ ಕುಳಿತ ಮೇಲೆ ಆ ದೋಣಿಯ ನಿಜವಾದ ಗಿರಾಕಿಗಳು ಬಂದರು. ಜಗಳ, ಬೈಗುಳ, ಹಣ ವಾಪಸ್.

ಕೈಯಲ್ಲಿದ್ದ ಟಿಕೆಟ್ ಪುಸ್ತಕವನ್ನು ನನ್ನ ಮೇಜಿನ ಮೇಲೆ ಎಸೆದು "ಈಗ ಎಂತ ಮಾಡೂದು?" ಎಂದರು.

ಕನ್ನಡದಲ್ಲಿ ಹೆಸರಿಡುವುದು, ಅದೂ ಒಂದೇ ಎಳೆ ಹಿಡಿದು ಇಡುವುದು!

ರಾಣಿ ಬೇಕಾದರೆ ಶರಾವತಿಗೆ ರಾಣಿ ಇಲ್ಲವೇ? ಇದೇ ಹೊಳೆಯ ಮೇಲ್ದಂಡೆಯ ಗೇರುಸೊಪ್ಪೆಯಲ್ಲಿ 16ನೇ ಶತಮಾನದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಅವಳ ಹೊಳೆಯಲ್ಲಿ ಸೀ ಕ್ವೀನ್ ತೇಲಿಸುವವರಿಗೆ ಏನೆನ್ನಬೇಕು! ನಮ್ಮ ಗಿರಾಕಿಗೂ ಈ ಮಾತು ನಾಟಿತು. "ಹಾಗಾದರೆ ಐದಕ್ಕೂ ರಾಣಿಯರ ಹೆಸರೇ ಇಡುವಾ" ಎಂದರು. ನಾನೇ ತಡೆದೆ. ಪಟ್ಟಿ ಬರೆದು ನೋಡಿ: ಚೆನ್ನಭೈರಾದೇವಿ, ಕೆಳದಿ ಚೆನ್ನಮ್ಮ, ಕಿತ್ತೂರು ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕ. ನಾಲ್ವರಲ್ಲಿ ಮೂವರು ಚೆನ್ನ! ಮತ್ತೆ ಅದೇ ಕಿಂಗು, ವಿಂಗು. ಮೇಲಾಗಿ "ಚೆನ್ನಮ್ಮ ಕೆಟ್ಟು ನಿಂತಿದ್ದಾಳೆ, ಹಗ್ಗ ಕಟ್ಟಿ ಎಳೀರಿ" ಎಂದು ದಕ್ಕೆಯಲ್ಲಿ ಕೂಗುವುದನ್ನು ಕೇಳಲು ನನ್ನಿಂದ ಆಗದು. ಅಭಿಮಾನ ಬೇರೆ, ವ್ಯವಹಾರ ಬೇರೆ.

ನದಿಗಳ ಹೆಸರು? ಕಾಳಿ, ಗಂಗಾವಳಿ, ಅಘನಾಶಿನಿ. ಕೇಳಲು ಚೆಂದ. ಆದರೆ ಶರಾವತಿಯಲ್ಲಿ ನಿಂತ ದೋಣಿಯ ಮೇಲೆ ಕಾಳಿ ಎಂದಿದ್ದರೆ, ಹೊಸಬ ಅದು ಕಾಳಿ ನದಿಗೆ ಹೋಗುವ ದೋಣಿ ಎಂದುಕೊಳ್ಳುತ್ತಾನೆ. ಊರು, ನದಿಯ ಹೆಸರುಗಳು ಹೋಟೆಲಿನ ಕೋಣೆಗೆ ಸರಿ. ಚಲಿಸುವ ವಾಹನಕ್ಕೆ ಇಟ್ಟರೆ ಎಲ್ಲಿಗೆ ಹೋಗುತ್ತದೆ ಎಂಬ ಗೊಂದಲ.

ಕೊನೆಗೆ ಹಿಡಿದದ್ದು ಹಕ್ಕಿಗಳ ಎಳೆ. ನಿಯಮ ಒಂದೇ: ದೋಣಿಯಲ್ಲಿ ಕುಳಿತವನಿಗೆ ನೀರಿನಲ್ಲೋ ದಂಡೆಯ ಮರದಲ್ಲೋ ಕಾಣುವ ಹಕ್ಕಿಯಾಗಿರಬೇಕು. ಹೆಸರು ಓದಿದ ಮಗು ಆ ಹಕ್ಕಿಯನ್ನು ಹುಡುಕಲಿ. ಪಟ್ಟಿಯಲ್ಲಿ ಎಂಟು ಹೆಸರು ಬಂದವು, ಮೂರನ್ನು ಹೊಡೆದುಹಾಕಿದೆವು. ನೀರುಕಾಗೆಯಲ್ಲಿ ಕಾಗೆ ಇದೆ, ಮದುವೆಯ ದಿಬ್ಬಣದವರು ಹತ್ತುವುದಿಲ್ಲ. ಟಿಟ್ಟಿಭ ಹೊರಗಿನವರ ನಾಲಿಗೆಗೆ ಸಿಕ್ಕುವುದಿಲ್ಲ. ಹಾವಕ್ಕಿಯಲ್ಲಿ ಹಾವಿದೆ, ಜೊತೆಗೆ ಕೂಗಿ ಹೇಳಿದಾಗ ಬೆಳ್ಳಕ್ಕಿಯ ಬಾಲವೇ ಕೇಳುತ್ತದೆ. ಉಳಿದವು ಮಿಂಚುಳ್ಳಿ, ಬೆಳ್ಳಕ್ಕಿ, ಗರುಡ, ಕೊಕ್ಕರೆ, ಮರಕುಟಿಗ. ಒಬ್ಬ ದಕ್ಕೆಯಲ್ಲಿ, ಇನ್ನೊಬ್ಬ ದೋಣಿಯಲ್ಲಿ ನಿಂತು ಕೂಗಿ ನೋಡಿದರು. ಒಂದೂ ತಪ್ಪಲಿಲ್ಲ. ಮುಂದೆ ಕೊಳ್ಳುವ ದೋಣಿಗೆಂದು ಗಿಳಿ, ಕೋಗಿಲೆ ಕಾದಿಟ್ಟೆವು. ಐದು ದೋಣಿಗೆ ಐದೇ ಹೆಸರಿರುವ ಎಳೆ ಹಿಡಿದರೆ ಆರನೆಯದು ಬಂದ ದಿನ ಎಳೆ ಹರಿಯುತ್ತದೆ.

"ಹೊರಗಿನವರಿಗೆ ಓದಲು ಬರಬೇಕಲ್ಲ ಅಣ್ಣಾ, ಕಿಂಗ್‌ಫಿಶರ್ ಎಂದೇ ಬರೆದರೆ?" ಎಂದರು. ಬೇಡ ಮಾರಾಯ್ರೇ! ಕಿಂಗ್‌ಫಿಶರ್ ಎಂದರೆ ಜನಕ್ಕೆ ಹಕ್ಕಿ ನೆನಪಾಗುವುದಿಲ್ಲ, ಬಾಟಲಿ ನೆನಪಾಗುತ್ತದೆ! ಹೆಸರನ್ನು ಅನುವಾದ ಮಾಡಬಾರದು. ಕನ್ನಡದಲ್ಲಿ ದೊಡ್ಡದಾಗಿ ಮಿಂಚುಳ್ಳಿ, ಕೆಳಗೆ ಸಣ್ಣದಾಗಿ ಅದೇ ಉಚ್ಚಾರಣೆ ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಹಕ್ಕಿಯ ಚಿತ್ರ. ಓದಲು ಬಾರದವನೂ ಚಿತ್ರ ನೋಡಿ ತನ್ನ ದೋಣಿ ಹತ್ತುತ್ತಾನೆ.

ಇಲ್ಲಿ ಬಣ್ಣ ಬರೆಯುವವರು ಮಾಡುವ ತಪ್ಪು ಒಂದಿದೆ. ಇಂಗ್ಲಿಷ್ ಹೆಸರಿಗೆ ಬಿಟ್ಟಿದ್ದ ಪಟ್ಟಿಯೊಳಗೇ ಕನ್ನಡವನ್ನು ತುರುಕುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಮೇಲೂ ಇಲ್ಲ ಕೆಳಗೂ ಇಲ್ಲ. ನಮ್ಮ ಮಿಂಚುಳ್ಳಿಗೆ ಮೇಲೆ ಗುಡಿಸು, ಕೆಳಗೆ ಒತ್ತು. 6 ಅಂಗುಲದ ಪಟ್ಟಿಯಲ್ಲಿ ಒತ್ತಿಗೆ ಜಾಗ ಬಿಟ್ಟರೆ ಅಕ್ಷರಕ್ಕೆ ಉಳಿಯುವುದು 4 ಅಂಗುಲ. ದೂರದಿಂದ ಕಾಣದು. ಆಮೇಲೆ "ಕನ್ನಡ ಕಾಣುವುದಿಲ್ಲ" ಎಂದು ಭಾಷೆಯನ್ನು ದೂರುತ್ತಾರೆ! ತಪ್ಪು ಪಟ್ಟಿಯದು, ಕನ್ನಡದ್ದಲ್ಲ. ಪಟ್ಟಿಯನ್ನು 9 ಅಂಗುಲ ಮಾಡಿಸಿದೆವು. ಇನ್ನೊಂದು ಎಚ್ಚರಿಕೆ. ನೋಂದಣಿ, ವಿಮೆಯ ಕಾಗದದಲ್ಲಿ ಹಳೆಯ ಹೆಸರಿದ್ದರೆ ಅಲ್ಲಿಯೂ ಬದಲಾಯಿಸಿಯೇ ಬಣ್ಣ ಹೊಡೆಯಿರಿ. ಕಾಗದದಲ್ಲಿ ಕ್ವೀನ್, ಮೈಮೇಲೆ ಮಿಂಚುಳ್ಳಿ ಎಂದಾದರೆ ನಾಳೆ ಪರಿಹಾರ ಕೇಳುವಾಗ ನೀವೇ ಸಿಕ್ಕಿಬೀಳುತ್ತೀರಿ.

ಕನ್ನಡ ಹೆಸರು ಓಡುವುದಿಲ್ಲ ಎನ್ನುವವರು ಬಸ್ ನಿಲ್ದಾಣಕ್ಕೆ ಹೋಗಿ ನೋಡಲಿ. ಕೆಎಸ್‌ಆರ್‌ಟಿಸಿಯ ರಾಜಹಂಸ, ಐರಾವತ, ಅಂಬಾರಿ. 2023ರಲ್ಲಿ ಬಂದ ಪಲ್ಲಕ್ಕಿ. ಹಂಸ, ಆನೆ, ಆನೆಯ ಮೇಲಿನ ಅಂಬಾರಿ, ಹೊತ್ತು ನಡೆಯುವ ಪಲ್ಲಕ್ಕಿ. ಎಲ್ಲವೂ ಸವಾರಿಯೇ. ಅದೇ ಎಳೆ. ಬಸ್ಸಿನ ಕಂಪನಿ ಯಾವುದೆಂದು ಯಾರೂ ಹೇಳುವುದಿಲ್ಲ, "ಐರಾವತದಲ್ಲಿ ಬಂದೆ" ಎನ್ನುತ್ತಾರೆ. ತಮಿಳರೂ ತೆಲುಗರೂ ಹಾಗೆಯೇ ಹೇಳಿ ಟಿಕೆಟ್ ಕೊಳ್ಳುತ್ತಾರೆ. ಆದರೆ ಅಷ್ಟು ಒಳ್ಳೆಯ ಹೆಸರಿಗೂ ಬಾಲ ಕಟ್ಟಿದರು ನೋಡಿ: ಐರಾವತ ಕ್ಲಬ್ ಕ್ಲಾಸ್, ಅಂಬಾರಿ ಡ್ರೀಮ್ ಕ್ಲಾಸ್! ಆನೆಗೆ ಯಾವ ಕ್ಲಬ್ಬು, ಅಂಬಾರಿಗೆ ಯಾವ ಡ್ರೀಮು?

ಸರ್ಕಾರದ ಐಷಾರಾಮಿ ರೈಲಂತೂ ಇದರ ತದ್ವಿರುದ್ಧ. 2008ರಲ್ಲಿ ಹೊರಟ ಆ ರೈಲಿನ ಬೋಗಿಗಳಿಗೆ ಕದಂಬ, ಗಂಗ, ಹೊಯ್ಸಳ, ರಾಷ್ಟ್ರಕೂಟ ಎಂದು ನಾಡನ್ನಾಳಿದ ರಾಜವಂಶಗಳ ಹೆಸರಿಟ್ಟರು. ಶಹಭಾಸ್! ಆದರೆ ರೈಲಿನ ಹೆಸರೇನು? ಗೋಲ್ಡನ್ ಚಾರಿಯಟ್! ಹೆಸರು ಹುಟ್ಟಿದ್ದು ಹಂಪಿಯ ಕಲ್ಲಿನ ರಥದಿಂದ, ರಥ ಎನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ. ಒಳಗೆ ಕದಂಬ, ಹೊರಗೆ ಚಾರಿಯಟ್!

2024ರಲ್ಲಿ ನಾಮಫಲಕದ ಶೇಕಡಾ 60 ಭಾಗ ಕನ್ನಡವಿರಬೇಕು ಎಂದು ಕಾನೂನು ಬಂತು. ಒಳ್ಳೆಯದೇ. ಆದರೆ ಕನ್ನಡ ಅಕ್ಷರದಲ್ಲಿ "ಸೀ ಕ್ವೀನ್" ಎಂದು ಬರೆದು ಕಾನೂನಿಗೆ ಕೈಮುಗಿಯುವವರಿಗೆ ಏನು ಮಾಡುತ್ತೀರಿ? ಲಿಪಿ ನಮ್ಮದು, ಉಸಿರು ಪರರದು. ಅದನ್ನು ಕಾನೂನು ಹಿಡಿಯಲಾರದು. ಹೆಸರಿಡುವವನ ಬುದ್ಧಿಯೇ ಹಿಡಿಯಬೇಕು.

ನಮ್ಮ ಗಿರಾಕಿಯ ಹೊಸ ಟಿಕೆಟ್ ಪುಸ್ತಕದ ಮೇಲೆ ಈಗ ಐದು ಹಕ್ಕಿಗಳಿವೆ. ದಕ್ಕೆಯ ಹುಡುಗ "ಮಿಂಚುಳ್ಳಿಯವರು ಬನ್ನಿ!" ಎಂದು ಕೂಗುತ್ತಾನೆ. ಹತ್ತಬೇಕಾದವರೇ ಹತ್ತುತ್ತಾರೆ.

ದೋಣಿ, ಜೀಪು, ಬಸ್ಸು ಇಟ್ಟಿರುವ ಕನ್ನಡಿಗರೇ, ಹೊಸ ವಾಹನಕ್ಕೆ ಹೆಸರು ಬರೆಸುವ ಮೊದಲು ನಿಮ್ಮ ಹೊಳೆಯ ದಂಡೆಯಲ್ಲಿ ಒಂದು ಗಳಿಗೆ ನಿಂತು ನೋಡಿ. ಅಲ್ಲಿ ಹಾರಾಡುತ್ತಿರುವುದು ಕಿಂಗೂ ಅಲ್ಲ, ಕ್ವೀನೂ ಅಲ್ಲ!