ಸಹಿ ಇದ್ದ ಮಾತ್ರಕ್ಕೆ ಒಪ್ಪಿಗೆಯಲ್ಲ

"ಗ್ರಾಹಕರೇ ಸಹಿ ಹಾಕಿದ್ದಾರೆ, ವಿಮಾ ಕಂಪನಿಯವರು ಫೋನ್ ಮಾಡಿದಾಗ ಹೌದು ಎಂದಿದ್ದಾರೆ, ಈಗ ಮೋಸ ಎಂದರೆ ಹೇಗೆ?" ಬ್ಯಾಂಕ್ ಸಿಬ್ಬಂದಿಯ ಪರ ವಾದಿಸುವವರ ಮೊದಲ ಪ್ರಶ್ನೆ ಇದು. ಆ ಸಹಿ ಹೇಗೆ ಬೀಳುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ನಿವೃತ್ತ ಶಿಕ್ಷಕಿಯೊಬ್ಬರ ಎಫ್‌ಡಿ ಅವಧಿ ಮುಗಿದಿದೆ. "ಇದರಲ್ಲಿ ಬಡ್ಡಿ ಜಾಸ್ತಿ ಮೇಡಂ" ಎಂದು ಬ್ಯಾಂಕ್ ಸಿಬ್ಬಂದಿ ಫಾರಂ ಮುಂದಿಡುತ್ತಾರೆ. ಶಿಕ್ಷಕಿ ಸಹಿ ಹಾಕಿದ್ದು ವರ್ಷಕ್ಕೆ 1 ಲಕ್ಷದಂತೆ 10 ವರ್ಷ ಕಟ್ಟಬೇಕಾದ, 10 ಲಕ್ಷದ ಜೀವ ವಿಮೆಗೆ. ಪಿಂಚಣಿಯಲ್ಲಿ ಬದುಕುವವರಿಗೆ ಎರಡನೇ ಕಂತೇ ಭಾರ. "ಫೋನ್ ಬಂದರೆ ಎಲ್ಲದಕ್ಕೂ ಹೌದು ಅನ್ನಿ" ಎಂದು ಮೊದಲೇ ಹೇಳಿಕೊಟ್ಟ ಮೇಲೆ ಆ ಹೌದಿಗೆ ಏನು ಬೆಲೆ?

ಎರಡನೆಯದು, "ಬೇಡವಾದರೆ ಫ್ರೀ ಲುಕ್ ಅವಧಿ ಇದೆಯಲ್ಲ" ಎಂಬ ವಾದ. ಇದೆ ನಿಜ. 2024ರ ನಿಯಮದಂತೆ ಪಾಲಿಸಿ ಕೈಸೇರಿದ ದಿನದಿಂದ 30 ದಿನ. ಆದರೆ ಪಾಲಿಸಿ ಬರುವುದು ಇಮೇಲಿಗೆ. ಅರ್ಜಿಯಲ್ಲಿ ಬೇರೆ ಯಾರದೋ ವಿಳಾಸ ತುಂಬಿದ್ದರೆ ಅದು ಬಂದದ್ದೇ ಗ್ರಾಹಕರಿಗೆ ಗೊತ್ತಾಗುವುದಿಲ್ಲ. ಗೊತ್ತಾಗಿ ಶಾಖೆಗೆ ಹೋದರೆ "ಮ್ಯಾನೇಜರ್ ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ" ಎನ್ನುತ್ತಾರೆ. ಹೀಗೆ ದಿನ ದೂಡುವುದು ನನ್ನ ಮಟ್ಟಿಗೆ ಮಾರಾಟಕ್ಕಿಂತ ದೊಡ್ಡ ಅನ್ಯಾಯ. ಅವಧಿ ದಾಟಿದ ಮೇಲೆ ಉಳಿಯುವುದು ಸರೆಂಡರ್ ದಾರಿ, ಅದರಲ್ಲಿ ಮೊದಲ ಕಂತಿನ ದೊಡ್ಡ ಪಾಲೇ ಹೋಗುತ್ತದೆ.

ಆದರೆ ರದ್ದತಿಗೆ ಶಾಖೆಯ ಅನುಮತಿಗಾಗಿ ಕಾಯಬೇಕಿಲ್ಲ. ಪಾಲಿಸಿ ಕೊಟ್ಟದ್ದು ವಿಮಾ ಕಂಪನಿ, ಪತ್ರ ಹೋಗಬೇಕಾದದ್ದೂ ಅಲ್ಲಿಗೇ. ಪಾಲಿಸಿಯೊಂದಿಗೆ ಬಂದ ಅರ್ಜಿಯ ಪ್ರತಿ ತೆರೆದು ಇಮೇಲ್, ಮೊಬೈಲ್, ವಾರ್ಷಿಕ ಆದಾಯ, ಎಷ್ಟು ವರ್ಷ ಕಂತು ಎಂಬುದನ್ನು ನೋಡಿ. ಸುಳ್ಳು ಸಿಕ್ಕಿಬೀಳುವುದು ಅಲ್ಲಿಯೇ. ಪಾಲಿಸಿ ಸಂಖ್ಯೆ, "ಎಫ್‌ಡಿ ಎಂದು ಹೇಳಿ ಮಾರಿದರು, ಷರತ್ತು ಒಪ್ಪಿಗೆಯಿಲ್ಲ" ಎಂಬ ಕಾರಣ, ರದ್ದು ಮಾಡಿದ ಚೆಕ್ ಸೇರಿಸಿ ಇಮೇಲ್ ಮಾಡಿ. ಕಚೇರಿಗೇ ಕೊಟ್ಟರೆ ದಿನಾಂಕದ ಮುದ್ರೆಯಿರುವ ಸ್ವೀಕೃತಿ ಪಡೆಯಿರಿ.

"ಅರ್ಧ ದುಡ್ಡು ಕಡಿತವಾಗುತ್ತದೆ" ಎಂದು ಹೆದರಿಸುವವರೂ ಇದ್ದಾರೆ. ಫ್ರೀ ಲುಕ್ ಅವಧಿಯೊಳಗೆ ರದ್ದು ಮಾಡಿದರೆ ಸಾಂಪ್ರದಾಯಿಕ ಪಾಲಿಸಿಯಲ್ಲಿ ಕಡಿತವಾಗುವುದು ಮೂರೇ: ರಕ್ಷಣೆ ಇದ್ದಷ್ಟು ದಿನದ ಅಪಾಯ ಶುಲ್ಕ, ವೈದ್ಯಕೀಯ ಪರೀಕ್ಷೆ ನಡೆದಿದ್ದರೆ ಅದರ ಖರ್ಚು, ಸ್ಟಾಂಪ್ ಶುಲ್ಕ. ಶಿಕ್ಷಕಿಯ 1 ಲಕ್ಷದಲ್ಲಿ ಬಹುಪಾಲು ವಾಪಸ್ ಬರುತ್ತದೆ. ಯುಲಿಪ್ ಆದರೆ ಮಾತ್ರ ಮಾರುಕಟ್ಟೆಯ ಏರಿಳಿತವೂ ಸೇರುತ್ತದೆ.

"ಮೇಲಿನಿಂದ ಟಾರ್ಗೆಟ್ ಒತ್ತಡ, ನಾವೇನು ಮಾಡೋಣ?" ಎಂಬ ಅಳಲು ಸುಳ್ಳಲ್ಲ. ಆದರೆ ಅದನ್ನು ಹೇಳಬೇಕಾದದ್ದು ಮೇಲಿನವರಿಗೆ. ಠೇವಣಿದಾರರು ಅದರ ಬೆಲೆ ತೆರಬೇಕಿಲ್ಲ.

ಕಂಪನಿ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ಸರಿಯೆನಿಸದಿದ್ದರೆ, ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸ್ವೀಕೃತಿಯ ಮೇಲಿನ ದಿನಾಂಕದ ಮುದ್ರೆ ಅಲ್ಲಿ ಸಾಕ್ಷಿಯಾಗುತ್ತದೆ.